ಮುಂಡಗೋಡದ ರೋಗಿಯ ಹೆಸರು ಕಾರವಾರದ ಎಸ್ಪಿಗೆ ಏಕೆ?

ವಿದೇಶಿಯರಿಗೆ ಎಂಥ ಖಾಸಗಿತನ ಎಂದು ಈಗ ಯಾರೂ ಕೇಳುತ್ತಿಲ್ಲ, ತೀರ್ಮಾನ ಮಾಡಿಯೇ ಮಾತಾಡುತ್ತಾರೆ. 2025ರ ಮಾರ್ಚ್ 27ರಂದು ವಲಸೆ ಮತ್ತು ವಿದೇಶಿಯರ ಮಸೂದೆಯ ಚರ್ಚೆಗೆ ಲೋಕಸಭೆಯಲ್ಲಿ ಉತ್ತರಿಸಿದ ಗೃಹ ಸಚಿವ ಅಮಿತ್ ಶಾ, ಈ ದೇಶ ಧರ್ಮಶಾಲೆಯಲ್ಲ ಎಂದರು. ಎರಡು ತಿಂಗಳು ತುಂಬುವ ಮುನ್ನ, ಶ್ರೀಲಂಕಾದ ತಮಿಳನೊಬ್ಬನ ಅರ್ಜಿಯನ್ನು ತಳ್ಳಿಹಾಕುವಾಗ ಸುಪ್ರೀಂ ಕೋರ್ಟಿನ ಪೀಠದಿಂದಲೂ ಅದೇ ಮಾತು ಬಂತು. ಸಚಿವರೂ ನ್ಯಾಯಮೂರ್ತಿಗಳೂ ಒಂದೇ ಮಾತಾಡಿದ ಮೇಲೆ ಟೀವಿ ಚರ್ಚೆಯವರು ಬೇರೇನು ಹೇಳಿಯಾರು? ಇರಲು ಜಾಗ ಕೊಟ್ಟಿದ್ದೇವೆ, ಮಾಹಿತಿ ಕೊಡಲಿ, ತಪ್ಪು ಮಾಡದವರಿಗೆ ಭಯವೇಕೆ?

ಈ ಮಾತನ್ನು ಒಪ್ಪುವವರು ಮುಂಡಗೋಡದ ಟಿಬೆಟನ್ ಕಾಲೊನಿಯವರೆಗೆ ಬಂದು ನೋಡಬೇಕು. ಆ ಮಸೂದೆ ಏಪ್ರಿಲ್ 4ಕ್ಕೆ ರಾಷ್ಟ್ರಪತಿಗಳ ಅಂಕಿತ ಪಡೆದು, ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. 1920, 1939, 1946 ಮತ್ತು 2000ದ ನಾಲ್ಕು ಹಳೆಯ ಕಾಯ್ದೆಗಳು ಇದರೊಂದಿಗೆ ರದ್ದಾದವು. ಹೋಟೆಲಿನವರು ವಿದೇಶಿ ಅತಿಥಿಯ ವಿವರವನ್ನು ಪೊಲೀಸರಿಗೆ ಕೊಡಬೇಕೆಂಬುದು ಹಳೆಯ ನಿಯಮ. ದಾಂಡೇಲಿ, ಜೋಯಿಡಾ ಕಡೆಯ ರೆಸಾರ್ಟು, ಹೋಮ್‌ಸ್ಟೇಯವರಿಗೆ ಸಿ-ಫಾರಂ ಅಂದರೆ ಗೊತ್ತು. ಹೊಸ ಕಾಯ್ದೆಯಲ್ಲಿ ಆ ಹೊಣೆ ವಿದ್ಯಾಸಂಸ್ಥೆಗಳಿಗೂ ಆಸ್ಪತ್ರೆಗಳಿಗೂ ನೇರವಾಗಿ ಬಂದಿದೆ. ನನ್ನ ತಕರಾರು ಆಸ್ಪತ್ರೆಯ ಕಲಂ ಬಗ್ಗೆ, ಅಂದರೆ 10ನೇ ಕಲಂ. ಒಳರೋಗಿಯಾಗಿ ದಾಖಲಾದ ಪ್ರತಿ ವಿದೇಶಿಯ ಮಾಹಿತಿಯನ್ನು, ಅಲ್ಲೇ ಉಳಿದುಕೊಂಡ ಜೊತೆಗಾರರ ಮಾಹಿತಿಯನ್ನು, ಆಸ್ಪತ್ರೆ ನೋಂದಣಿ ಅಧಿಕಾರಿಗೆ ಒಪ್ಪಿಸಬೇಕು ಎನ್ನುತ್ತದೆ ಅದು. ಉತ್ತರ ಕನ್ನಡದಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಎಂದರೆ ಕಾರವಾರದಲ್ಲಿರುವ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ.

1966ರಲ್ಲಿ ಆಗಿನ ಮೈಸೂರು ಸರ್ಕಾರ ಕೊಟ್ಟ ಕಾಡು ಜಮೀನಿನಲ್ಲಿ ಎದ್ದ ಈ ಕಾಲೊನಿಯಲ್ಲಿ ಗಾಡೆನ್, ಡ್ರೆಪುಂಗ್ ಮಠಗಳಿವೆ, ನಂಬರಿನಿಂದಲೇ ಗುರುತಾಗುವ ಕ್ಯಾಂಪುಗಳಿವೆ, ಮೆಕ್ಕೆಜೋಳದ ಹೊಲಗಳಿವೆ. ಒಂದು ಆಸ್ಪತ್ರೆಯೂ ಇದೆ. ಸುತ್ತಲ ಹಳ್ಳಿಗಳ ಕನ್ನಡದವರೂ ಅಲ್ಲಿಗೆ ಹೋಗುತ್ತಾರೆ. ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರಲು ಹೋಗುವ ಕುಟುಂಬಗಳಿಗೂ ಕಾಯಿಲೆ ಬಂದರೆ ಮೊದಲು ನೆನಪಾಗುವುದು ಆ ಆಸ್ಪತ್ರೆಯೇ. ಕಾಗದದ ಪ್ರಕಾರ ಕಾಲೊನಿಯ ಟಿಬೆಟನ್ನರು ವಿದೇಶಿಯರು. ಅಜ್ಜಿ ಹಿಮಾಲಯ ದಾಟಿ ಬಂದವಳು, ಮೊಮ್ಮಗಳು ಮುಂಡಗೋಡದ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುವವಳು. ಇಬ್ಬರ ಕೈಯಲ್ಲಿರುವುದೂ ಆರ್‌ಸಿ, ಅಂದರೆ ವಿದೇಶಿಯೆಂದು ನೋಂದಾಯಿಸಿದ ಪುಸ್ತಕ. ವಿಶೇಷ ಪ್ರವೇಶ ಪರವಾನಗಿ ಪಡೆದು ಬಂದು ನೋಂದಾಯಿಸಿಕೊಂಡ ಟಿಬೆಟನ್ನರಿಗೆ ಸರ್ಕಾರ ವಿನಾಯಿತಿ ಕೊಟ್ಟಿದೆಯಲ್ಲ ಎನ್ನುವವರಿದ್ದಾರೆ. ಆ ವಿನಾಯಿತಿ ಪಾಸ್‌ಪೋರ್ಟ್, ವೀಸಾಗಳ ಷರತ್ತಿಗೆ ಸಂಬಂಧಿಸಿದ್ದು. ಅದರಿಂದ ಯಾರೂ ವಿದೇಶಿ ಎಂಬ ಪಟ್ಟಿಯಿಂದ ಹೊರಬರುವುದಿಲ್ಲ.

ಕಾನೂನು ಕಾಲೇಜುಗಳ ಅಣಕು ನ್ಯಾಯಾಲಯದಲ್ಲಿ ಇಂಥ ಪ್ರಕರಣ ಇಟ್ಟರೆ ಅರ್ಜಿದಾರರ ಪರ ಮೊದಲು ಎದ್ದು ನಿಲ್ಲುವ ಹುಡುಗ ಅಥವಾ ಹುಡುಗಿ ಮಾಡುವ ಎಡವಟ್ಟು ಸಾಮಾನ್ಯವಾಗಿ ಒಂದೇ. ಖಾಸಗಿತನದ ಮಹಿಮೆ ಹೇಳುವುದರಲ್ಲಿ ಅರ್ಧ ಸಮಯ ಹೋಗುತ್ತದೆ. ಉಳಿದರ್ಧದಲ್ಲಿ ಸರ್ಕಾರದ ಉದ್ದೇಶವೇ ಕೆಟ್ಟದ್ದು ಎಂದು ಕೂಗಾಡುತ್ತಾರೆ. ಪೀಠದಲ್ಲಿ ಕುಳಿತವರು, ‘ದೇಶದ ಭದ್ರತೆ ಕೆಟ್ಟ ಉದ್ದೇಶವೇ?’ ಎಂದು ಕೇಳಿದರೆ ಮುಗಿಯಿತು, ಗಂಟಲು ಒಣಗುತ್ತದೆ. ಸರ್ಕಾರಕ್ಕೆ ಬೇಕಾಗಿರುವುದೂ ಜಗಳ ಅಲ್ಲೇ ನಡೆಯುವುದು. ಉದ್ದೇಶದ ಮಟ್ಟದಲ್ಲಿ ಚರ್ಚೆ ನಿಂತಷ್ಟೂ ಹೊತ್ತು ಸರ್ಕಾರ ಸೋಲುವುದಿಲ್ಲ.

ಹೀಗಾಗಿ ಉದ್ದೇಶವನ್ನು ಮೊದಲ ನಿಮಿಷದಲ್ಲೇ ಒಪ್ಪಿಬಿಡಬೇಕು ಎನ್ನುತ್ತೇನೆ. ಇದೇ ಜಿಲ್ಲೆಯಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರವಿದೆ, ಕಾರವಾರದ ಪಕ್ಕ ಕದಂಬ ನೌಕಾನೆಲೆಯಿದೆ. ಹೊರದೇಶದವರು ಯಾರು ಎಲ್ಲಿದ್ದಾರೆಂದು ತಿಳಿಯಬಯಸುವುದು ಸರ್ಕಾರದ ಹಕ್ಕು ಮಾತ್ರವಲ್ಲ, ಕರ್ತವ್ಯ. ಟಿಬೆಟನ್ನರ ವೇಷದಲ್ಲಿ ಬೇಹುಗಾರರು ನುಸುಳಬಹುದೆಂಬ ಅನುಮಾನವೂ ಇರಲಿ, ಅದನ್ನೂ ಒಪ್ಪೋಣ. ಆರ್‌ಸಿ ಪದ್ಧತಿಯನ್ನೂ ಇವತ್ತಿನ ಮಟ್ಟಿಗೆ ಪ್ರಶ್ನಿಸುವುದು ಬೇಡ. ಇಷ್ಟನ್ನೂ ಕೊಟ್ಟ ಮೇಲೂ 10ನೇ ಕಲಂ ನಿಲ್ಲುವುದಿಲ್ಲ, ಏಕೆಂದರೆ ಅದನ್ನು ತೂಗಬೇಕಾದದ್ದು ಇಡೀ ವ್ಯವಸ್ಥೆಯ ಲಾಭದಿಂದಲ್ಲ. ಈಗಾಗಲೇ ಇರುವ ಮಾಹಿತಿಯ ಮೇಲೆ ಈ ಕಲಂ ಹೊಸದಾಗಿ ಏನು ಸೇರಿಸುತ್ತದೆ, ಅದಕ್ಕಾಗಿ ರೋಗಿಯಿಂದ ಹೊಸದಾಗಿ ಏನು ಕಸಿಯುತ್ತದೆ ಎಂಬುದರಿಂದ.

ಪರೀಕ್ಷೆಯ ಮೆಟ್ಟಿಲುಗಳು ಗೊತ್ತಿರುವವೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಹಾಕಿದ ಅರ್ಜಿಯಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದಕ್ಕೆ ಕೈಹಾಕುವ ಸರ್ಕಾರದ ಬಳಿ ಕಾನೂನಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಹಿಡಿದ ದಾರಿಗೂ ಉದ್ದೇಶಕ್ಕೂ ಸಂಬಂಧವಿರಬೇಕು, ಅದೇ ಕೆಲಸ ಆಗುವ ಕಡಿಮೆ ನೋವಿನ ದಾರಿ ಬೇರೆ ಇರಬಾರದು, ಕೊನೆಗೆ ಆಗುವ ಲಾಭಕ್ಕಿಂತ ನಷ್ಟ ಹೆಚ್ಚಾಗಬಾರದು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡಬೇಡ ಎಂದು ನಮ್ಮ ಹಿರಿಯರು ಹೇಳಿದ್ದನ್ನೇ ನ್ಯಾಯಾಲಯಗಳು ಪ್ರಮಾಣಬದ್ಧತೆಯ ಪರೀಕ್ಷೆ ಎನ್ನುತ್ತವೆ.

ಈ ಹಕ್ಕು ವಿದೇಶಿಗೆ ಇದೆಯೇ? ಇಲ್ಲಿ ಜನಪ್ರಿಯ ಅಭಿಪ್ರಾಯ ಸಂವಿಧಾನವನ್ನು ಓದದೆ ಮಾತಾಡುತ್ತಿದೆ. 19ನೇ ವಿಧಿಯ ಸ್ವಾತಂತ್ರ್ಯಗಳು ನಾಗರಿಕರಿಗೆ ಮಾತ್ರ. 21ನೇ ವಿಧಿ ಹೇಳುವುದು ‘ಯಾವುದೇ ವ್ಯಕ್ತಿ’ಯ ಬಗ್ಗೆ, ಖಾಸಗಿತನ ನೆಲೆಸಿರುವುದು ಅಲ್ಲಿ. 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ರಕ್ಷಣೆಯನ್ನು ವಿದೇಶಿಯರಿಗೂ ಕೊಟ್ಟಿತು. ಸರ್ಕಾರಿ ವಕೀಲರು 2021ರ ರೊಹಿಂಗ್ಯಾ ಆದೇಶವನ್ನು ಎತ್ತಿ ಹಿಡಿಯುತ್ತಾರೆ. ಅದನ್ನು ಪೂರ್ತಿ ಓದಿಸಬೇಕು: ಗಡೀಪಾರಿನಿಂದ ತಪ್ಪಿಸಿಕೊಳ್ಳುವ ಹಕ್ಕು ನಾಗರಿಕರಿಗೆ ಮಾತ್ರ ಎಂದ ಅದೇ ಆದೇಶ, 14 ಮತ್ತು 21ನೇ ವಿಧಿಗಳು ನಾಗರಿಕರಲ್ಲದವರಿಗೂ ಸಲ್ಲುತ್ತವೆ ಎಂದೂ ಹೇಳಿದೆ. ವಿದೇಶಿಯನ್ನು ಹೊರಗೆ ಕಳಿಸುವ ಅಧಿಕಾರ ಸರ್ಕಾರಕ್ಕಿದೆ ನಿಜ. ಆದರೆ ಅವನು ಇಲ್ಲಿರುವಷ್ಟು ದಿನ ಅವನ ಹಾಸಿಗೆಯ ಪಕ್ಕ ಇಣುಕುವ ಅಧಿಕಾರ ಅದರಿಂದ ತಾನಾಗಿ ಹುಟ್ಟುವುದಿಲ್ಲ.

ಅಣಕು ನ್ಯಾಯಾಲಯದ ಕಥಾನಕಕ್ಕೆ ಒಬ್ಬ ಅರ್ಜಿದಾರಳನ್ನು ಕಲ್ಪಿಸಿಕೊಳ್ಳೋಣ. 1984ರಲ್ಲಿ ಕಾಲೊನಿಯಲ್ಲೇ ಹುಟ್ಟಿದ ಹೆಂಗಸು. ಮೂರು ವಾರದ ಕೆಮ್ಮು, ಸಂಜೆಯ ಜ್ವರ. ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ತಿಳಿದು ಆಸ್ಪತ್ರೆಗೆ ದಾಖಲಾಗುತ್ತಾಳೆ. ರಾತ್ರಿ ಜೊತೆಗಿರಲು ಪಕ್ಕದ ಹಳ್ಳಿಯ ಕನ್ನಡದ ಗೆಳತಿಯೊಬ್ಬಳು ಬರುತ್ತಾಳೆ. ಕೌಂಟರಿನಲ್ಲಿರುವ ಗುಮಾಸ್ತ ಈಗ ಏನು ಮಾಡಬೇಕು?

ಅವಳು ವಿದೇಶಿಯೇ ಎಂಬಲ್ಲೇ ಗಂಟು ಬೀಳುತ್ತದೆ. ಪೌರತ್ವ ಕಾಯ್ದೆಯ 3ನೇ ಕಲಂ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ತಂದೆ ತಾಯಿ ಯಾವ ದೇಶದ ಪ್ರಜೆಗಳೆಂದು ಆ ಕಲಂ ಕೇಳುವುದಿಲ್ಲ. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು. 2013ರಲ್ಲಿ ನಮ್ಮ ಹೈಕೋರ್ಟೂ ಹೇಳಿತು, ಅದೂ ಮುಂಡಗೋಡದ ಡ್ರೆಪುಂಗ್ ಮಠದಲ್ಲಿ ಓದಿ ಬೆಳೆದ ಲಿಂಗ್ ರಿಂಪೋಚೆಯವರ ಪ್ರಕರಣದಲ್ಲಿ. ಆದರೂ ಅನೇಕರು ಆರ್‌ಸಿ ಬಿಟ್ಟಿಲ್ಲ. ಅದನ್ನು ಒಪ್ಪಿಸಿ ಪಾಸ್‌ಪೋರ್ಟ್ ಪಡೆಯಬೇಕಾದರೆ ಕಾಲೊನಿಯ ವಾಸ, ಅಲ್ಲಿನ ಸವಲತ್ತು ಎರಡನ್ನೂ ಬಿಡಬೇಕೆಂಬ ಷರತ್ತನ್ನು 2017ರಲ್ಲಿ ವಿದೇಶಾಂಗ ಇಲಾಖೆ ಹಾಕಿತು. ಕಾಗದದಲ್ಲಿ ವಿದೇಶಿ, ಕಾನೂನಿನಲ್ಲಿ ಭಾರತೀಯ ಎಂಬ ದೊಡ್ಡದೊಂದು ತಲೆಮಾರು ಹೀಗೆ ಉಳಿದಿದೆ. ಗುಮಾಸ್ತನಿಗೆ ಪೌರತ್ವ ಕಾಯ್ದೆ ಬಿಡಿಸಿ ನೋಡುವ ಪುರಸೊತ್ತಿಲ್ಲ. ಆರ್‌ಸಿ ಕಂಡರೆ ಹೆಸರು ಬರೆದು ಕಳಿಸುತ್ತಾನೆ. ವಿದೇಶಿಯರ ಮೇಲೆ ಕಣ್ಣಿಡಲು ಮಾಡಿದ ಕಲಂ ಈ ದೇಶದ್ದೇ ನಾಗರಿಕಳ ಕಾಯಿಲೆಯನ್ನು ಪೊಲೀಸರಿಗೆ ತಲುಪಿಸಿತು. ಗೆಳತಿಯ ಕಥೆ ಇನ್ನೂ ವಿಚಿತ್ರ. ಜೊತೆಗಾರರೂ ವಿದೇಶಿಯರಾಗಿದ್ದರೆ ಮಾತ್ರ ಎಂದು 10ನೇ ಕಲಂ ಬಿಡಿಸಿ ಹೇಳುವುದಿಲ್ಲ. ಅನುಮಾನ ಬಂದಾಗ ಆಸ್ಪತ್ರೆಯವರು ಕಡಿಮೆ ಬರೆಯುತ್ತಾರೋ ಹೆಚ್ಚು ಬರೆಯುತ್ತಾರೋ ಎಂಬುದನ್ನು ಸರ್ಕಾರಿ ಫಾರಂ ತುಂಬಿದ ಯಾರನ್ನಾದರೂ ಕೇಳಿ.

ಇನ್ನು ಮಾಹಿತಿ ಎಂದರೆ ಏನು? ಹೆಸರೇ, ವಿಳಾಸವೇ, ವಾರ್ಡಿನ ನಂಬರೇ, ರೋಗವೇ? ಕಲಂ ಅದನ್ನು ಹೇಳದೆ ನಿಯಮಗಳಿಗೆ ಬಿಟ್ಟಿದೆ. ಇವತ್ತಿನ ಫಾರಂನಲ್ಲಿ ರೋಗದ ಕಾಲಮು ಇಲ್ಲದಿರಬಹುದು, ನಾಳೆ ಸೇರಿಸಲು ಸಂಸತ್ತಿಗೆ ಹೋಗಬೇಕಾಗಿಲ್ಲ, ಒಂದು ಅಧಿಸೂಚನೆ ಸಾಕು. ಎಷ್ಟು ವರ್ಷ ಇಟ್ಟುಕೊಳ್ಳಬಹುದು, ಯಾರ ಜೊತೆ ಹಂಚಿಕೊಳ್ಳಬಹುದು, ಗುಣವಾಗಿ ಮನೆಗೆ ಹೋದ ಮೇಲೆ ಅಳಿಸಬೇಕೇ ಎಂಬುದಕ್ಕೆ ಆ ಕಲಂನಲ್ಲಿ ಉತ್ತರವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಾಪಾಡುತ್ತದೆ ಎನ್ನೋಣವೆಂದರೆ, ಅದರ 17ನೇ ಕಲಂ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಗಳ ಹೆಸರಿನಲ್ಲಿ ತನಗೆ ಬೇಕಾದ ಸರ್ಕಾರಿ ಸಂಸ್ಥೆಯನ್ನು ಪೂರ್ತಿ ಹೊರಗಿಡಲು ಕೇಂದ್ರಕ್ಕೆ ಅವಕಾಶ ಕೊಟ್ಟಿದೆ.

ಬರೀ ಹೆಸರು ಕೊಟ್ಟರೆ ಏನಾಯಿತು ಎನ್ನುವವರಿಗೆ 2004ರ ಕೆನರಾ ಬ್ಯಾಂಕ್ ತೀರ್ಪು ಉತ್ತರ. (ಈ ಕರಾವಳಿಯ ಹೆಸರು ಹೊತ್ತ ಬ್ಯಾಂಕು ಖಾಸಗಿತನದ ಕಾನೂನಿಗೆ ಇಷ್ಟು ದೊಡ್ಡ ಕೊಡುಗೆ ಕೊಟ್ಟಿದೆಯೆಂದು ನಮ್ಮವರಿಗೇ ಹೆಚ್ಚಾಗಿ ಗೊತ್ತಿಲ್ಲ.) ಸ್ಟಾಂಪ್ ಶುಲ್ಕದ ಹೆಸರಿನಲ್ಲಿ ಬ್ಯಾಂಕಿನ ಕಾಗದಪತ್ರಗಳನ್ನು ಕಲೆಕ್ಟರ್ ಅಧಿಕಾರ ಕೊಟ್ಟ ಯಾರು ಬೇಕಾದರೂ ಜಾಲಾಡಲು ಬಿಟ್ಟಿದ್ದ ಆಂಧ್ರದ ಕಲಂ ಅಂದು ಬಿದ್ದುಹೋಯಿತು. ಗ್ರಾಹಕ ನಂಬಿ ಬ್ಯಾಂಕಿಗೆ ಕೊಟ್ಟ ಕಾಗದ ಬ್ಯಾಂಕಿನ ಕೈ ಸೇರಿದ ಮಾತ್ರಕ್ಕೆ ಖಾಸಗಿತನ ಕಳೆದುಕೊಳ್ಳುವುದಿಲ್ಲ. ಆ ಹಕ್ಕು ಅಂಟಿಕೊಂಡಿರುವುದು ಜಾಗಕ್ಕಲ್ಲ, ಮನುಷ್ಯನಿಗೆ ಎಂಬುದು ಅದರ ತಿರುಳು. ಬ್ಯಾಂಕಿನ ಲೆಕ್ಕಕ್ಕೇ ಹೀಗಾದರೆ ವೈದ್ಯನಿಗೆ ಹೇಳಿದ ಮಾತಿಗೆ ಎಷ್ಟು ಬೆಲೆ? ಇಂತಿಂಥವಳು ಇಂತಿಂಥ ತಾರೀಖಿಗೆ ಇಂಥ ಆಸ್ಪತ್ರೆಯಲ್ಲಿ ಇಷ್ಟು ದಿನ ಮಲಗಿದ್ದಳು ಎಂದು ಗೊತ್ತಾದರೆ, ಹೆರಿಗೆಯೋ ಗರ್ಭಪಾತವೋ ಕ್ಷಯವೋ ಎಂದು ಊಹಿಸುವುದು ಸಣ್ಣ ಊರಿನ ಪೇದೆಗೂ ಕಷ್ಟವಲ್ಲ.

ಈಗ ಆರಂಭದ ವಾದ ಹೇಗಿರಬೇಕೆಂದು ಬರೆದೇ ತೋರಿಸುತ್ತೇನೆ.

“ಘನ ನ್ಯಾಯಪೀಠದ ಅಪ್ಪಣೆಯಿದ್ದರೆ, ಅರ್ಜಿದಾರರು ಮೂರು ವಿಷಯಗಳನ್ನು ವಿವಾದಿಸುವುದಿಲ್ಲ. ದೇಶದ ಭದ್ರತೆ ನ್ಯಾಯಸಮ್ಮತ ಉದ್ದೇಶ. ವಿದೇಶಿಯರನ್ನು ನೋಂದಾಯಿಸುವ ಅಧಿಕಾರ ಸರ್ಕಾರಕ್ಕಿದೆ. ಅರ್ಜಿದಾರರ ಆರ್‌ಸಿ ಕಡತ ಈಗಾಗಲೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯಲ್ಲಿದೆ. ನಮ್ಮ ವಾದವೆಲ್ಲ ನಿಂತಿರುವುದು ಈ ಮೂರನೆಯ ಸಂಗತಿಯ ಮೇಲೆ. ಆ ಕಡತದಲ್ಲಿ ಅವರ ಫೋಟೊ ಇದೆ, ಹುಟ್ಟಿದ ತಾರೀಖಿದೆ, ಕ್ಯಾಂಪಿನ ವಿಳಾಸವಿದೆ. ಅವರು ಯಾರು, ಎಲ್ಲಿರುತ್ತಾರೆ ಎಂಬುದು ಸರ್ಕಾರಕ್ಕೆ ಗೊತ್ತು. 10ನೇ ಕಲಂನಿಂದ ಸರ್ಕಾರಕ್ಕೆ ಹೊಸದಾಗಿ ತಿಳಿಯುವುದು ಒಂದೇ ಸಂಗತಿ, ಅವರಿಗೆ ಕಾಯಿಲೆಯಾಗಿದೆ ಎಂಬುದು. ಅವರಿಗೆ ಕಾಯಿಲೆಯಾಗಿದೆ ಎಂದು ತಿಳಿಯುವುದರಿಂದ ಕೈಗಾ ಹೇಗೆ ಹೆಚ್ಚು ಸುರಕ್ಷಿತವಾಗುತ್ತದೆ ಎಂದು ಸರ್ಕಾರ ಹೇಳಲಿ. ಆ ಹೊರೆ ಸರ್ಕಾರದ್ದು.”

ಇದರ ಬೆನ್ನಿಗೆ ಆಧಾರ್ ತೀರ್ಪನ್ನು ಇಡಬೇಕು. 2018ರ ಸೆಪ್ಟೆಂಬರ್ 26ರ ಆ ತೀರ್ಪಿನಲ್ಲಿ ಬಹುಮತ ಸರ್ಕಾರದ ಪರವಾಗಿತ್ತು ಎಂದು ಹೆದರಿ ಅದನ್ನು ಬಚ್ಚಿಡುವವರೇ ಹೆಚ್ಚು. ಅದೇ ಬಹುಮತ, ಪ್ರತಿ ಬ್ಯಾಂಕ್ ಖಾತೆಗೂ ಆಧಾರ್ ಜೋಡಿಸಬೇಕೆಂಬ ನಿಯಮವನ್ನು ಪ್ರಮಾಣಬದ್ಧತೆಯ ಮೇಲೆಯೇ ಹೊಡೆದುಹಾಕಿತ್ತು. ಕಪ್ಪುಹಣ ತಡೆಯುವುದು ಒಳ್ಳೆಯ ಉದ್ದೇಶವೇ, ಆದರೆ ಅದಕ್ಕಾಗಿ ಎಲ್ಲ ಖಾತೆದಾರರನ್ನೂ ಅನುಮಾನದಿಂದ ನೋಡುವಂತಿಲ್ಲ ಎಂಬುದು ಅದರ ತರ್ಕ. ಖಾತೆದಾರ ಎಂಬಲ್ಲಿ ಒಳರೋಗಿ ಎಂದು ಓದಿಕೊಂಡರೆ ನಮ್ಮ ಪ್ರಕರಣ ಮುಗಿಯಿತು.

ಆದರೆ ಅದೇ ತೀರ್ಪಿನಲ್ಲಿ ಅರ್ಜಿದಾರರು ಎಡವಿದ್ದು ಬೇರೊಂದು ಕಡೆ. ಕಡಿಮೆ ನೋವಿನ ಬೇರೆ ದಾರಿ ಯಾವುದು ಎಂದು ಅವರು ತೋರಿಸಲಿಲ್ಲ ಎಂದಿತು ಬಹುಮತ. ಆ ಪಾಠ ಕಲಿಯದೆ ಪರೀಕ್ಷೆಯ ನಾಲ್ಕನೆಯ ಮೆಟ್ಟಿಲಿಗೆ ಕಾಲಿಡಬಾರದು. ಪರ್ಯಾಯಗಳನ್ನು ವಕೀಲರೇ ಕೈಯಲ್ಲಿ ಹಿಡಿದು ಬರಬೇಕು. ಒಬ್ಬ ವ್ಯಕ್ತಿಯ ಮೇಲೆ ನಿಜವಾದ ಅನುಮಾನವಿದ್ದರೆ, ಅವನ ಹೆಸರು ಹಾಕಿ, ಕಾರಣ ಬರೆದು, ಮೇಲಧಿಕಾರಿಯ ಅಥವಾ ನ್ಯಾಯಾಲಯದ ಆದೇಶ ತಂದು ಆಸ್ಪತ್ರೆಯನ್ನು ಕೇಳಬಹುದು. ನೋಂದಣಿಯೇ ಇಲ್ಲದ ವಿದೇಶಿ ದಾಖಲಾದರೆ ಮಾತ್ರ ತಿಳಿಸಿ ಎನ್ನಬಹುದು. ಆರ್‌ಸಿ ಇರುವವರನ್ನು ಬಿಟ್ಟುಬಿಟ್ಟರೂ ಭದ್ರತೆಯ ಉದ್ದೇಶಕ್ಕೆ ಒಂದು ಕೂದಲೂ ಕೊಂಕುವುದಿಲ್ಲ. ಸಾಂಕ್ರಾಮಿಕ ರೋಗದ ಚಿಂತೆಯೇ? ಅದಕ್ಕೂ ದಾರಿಯಿದೆ. ಕ್ಷಯ 2012ರಿಂದಲೇ ಕಡ್ಡಾಯವಾಗಿ ತಿಳಿಸಬೇಕಾದ ರೋಗ. ನಮ್ಮ ಅರ್ಜಿದಾರಳ ಹೆಸರು ನಿಕ್ಷಯ್ ಪೋರ್ಟಲ್ಲಿಗೆ ಹೋಗಲೇಬೇಕು, ಅದನ್ನು ನಾವು ಪ್ರಶ್ನಿಸುವುದಿಲ್ಲ. ಅಲ್ಲಿ ಮಾಹಿತಿ ಹೋಗುವುದು ಆರೋಗ್ಯ ಇಲಾಖೆಗೆ, ಮರಳಿ ಬರುವುದು ಔಷಧಿ. ಒಂದೇ ಹೆಸರು, ಒಂದೇ ರೋಗ. ಯಾರ ಮೇಜಿಗೆ, ಯಾವ ಕೆಲಸಕ್ಕೆ ಹೋಯಿತು ಎಂಬುದರ ಮೇಲೆ ಒಂದು ಪ್ರಮಾಣಬದ್ಧ, ಇನ್ನೊಂದು ಅಲ್ಲ.

ಭದ್ರತೆಯ ವಿಷಯದಲ್ಲಿ ನ್ಯಾಯಾಲಯ ಕೈಹಾಕಬಾರದು ಎಂಬ ಕೊನೆಯ ಗುರಾಣಿಯೂ ಈಗ ಮೊದಲಿನಷ್ಟು ಗಟ್ಟಿಯಿಲ್ಲ. 2023ರ ಏಪ್ರಿಲ್‌ನಲ್ಲಿ ಮೀಡಿಯಾ ಒನ್ ಚಾನೆಲ್ಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರಾಷ್ಟ್ರೀಯ ಭದ್ರತೆ ಎಂದು ಗಾಳಿಯಲ್ಲಿ ಹೇಳಿದರೆ ಸಾಲದು, ಆಧಾರ ಬೇಕು ಎಂದು ಹೇಳಿ ಆ ಚಾನೆಲ್ಲಿನ ಮೇಲಿನ ಸರ್ಕಾರದ ಆದೇಶವನ್ನು ರದ್ದು ಮಾಡಿತು.

ಕೊನೆಯ ತೂಕದಲ್ಲಿ ನಷ್ಟದ ತಟ್ಟೆಗೆ ಏನು ಬೀಳುತ್ತದೆ ಎಂದು ತಿಳಿಯಲು ಬ್ರಿಟನ್ ಕಡೆ ನೋಡಬಹುದು. 2017ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ದತ್ತಾಂಶ ವಿಭಾಗ ವಲಸೆ ನಿಯಂತ್ರಿಸುವ ಗೃಹ ಇಲಾಖೆಯೊಡನೆ ಮಾಡಿಕೊಂಡ ಒಪ್ಪಂದ ಜಾರಿಗೆ ಬಂತು. ಹಂಚಿದ್ದು ರೋಗದ ವಿವರವಲ್ಲ, ವಿಳಾಸದಂಥ ಮಾಹಿತಿ. ‘ಬರೀ ಹೆಸರು’ ಎಂಬ ನಮ್ಮವರ ವಾದವೇ ಅವರದ್ದೂ. ವಲಸೆ ಅಧಿಕಾರಿಗಳ ಭಯದಿಂದ ರೋಗಿಗಳು ವೈದ್ಯರ ಹತ್ತಿರ ಬರುವುದನ್ನೇ ಬಿಟ್ಟಾರು ಎಂದು ವೈದ್ಯರು ತಕರಾರೆತ್ತಿದರು, ಸಂಸತ್ತಿನ ಆರೋಗ್ಯ ಸಮಿತಿಯೂ ದನಿಗೂಡಿಸಿತು. 2018ರಲ್ಲಿ ಸರ್ಕಾರ ಆ ಒಪ್ಪಂದದಿಂದ ಹಿಂದೆ ಸರಿಯಿತು. ಟಿಬೆಟನ್ ವಸತಿಗಳಲ್ಲಿ ಕ್ಷಯದ ಕಾಟ ಹೆಚ್ಚು ಎಂಬುದು ವೈದ್ಯರಿಗೆ ಹೊಸ ವಿಷಯವಲ್ಲ. ಮಠಗಳಲ್ಲೂ ಹಾಸ್ಟೆಲುಗಳಲ್ಲೂ ಹತ್ತಾರು ಜನ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಆರ್‌ಸಿ ನವೀಕರಣದಲ್ಲಿ ತೊಡಕಿರುವ ಒಬ್ಬ ಕಿರಿಯ ಸನ್ಯಾಸಿ, ಹೆಸರು ಕಾರವಾರಕ್ಕೆ ಹೋಗುತ್ತದೆಂದು ಅಂಜಿ ಆಸ್ಪತ್ರೆಗೆ ದಾಖಲಾಗದೆ ಕೆಮ್ಮುತ್ತ ಉಳಿದರೆ, ಆ ಕೋಣೆಯವರಿಗೆಲ್ಲ ರೋಗ ತಗಲಬಹುದು. ಅವರು ಮುಂಡಗೋಡದ ಅದೇ ಬಸ್ಸು ಹತ್ತುತ್ತಾರೆ, ಅದೇ ಸಂತೆಗೆ ಬರುತ್ತಾರೆ. ಕ್ಷಯದ ಕ್ರಿಮಿ ಯಾರ ಪೌರತ್ವವನ್ನೂ ಕೇಳುವುದಿಲ್ಲ. ಭದ್ರತೆಯ ತಟ್ಟೆಯಲ್ಲಿ ಇದಕ್ಕೆದುರಾಗಿ ಇಡಲು ಸರ್ಕಾರದ ಬಳಿ ಇರುವುದು ಆಗಲೇ ಗೊತ್ತಿರುವ ವಿಳಾಸ.

ತಪ್ಪು ಮಾಡದವರಿಗೆ ಭಯವೇಕೆ ಎನ್ನುವವರು ಕುಂಬಳಕಾಯಿ ಕಳ್ಳನ ಗಾದೆ ಹೇಳಿ ನಗುತ್ತಾರೆ. ಹೆಗಲು ಮುಟ್ಟಿ ನೋಡಿಕೊಂಡವನೇ ಕಳ್ಳ ಎಂಬುದು ಕಟ್ಟೆಯ ಮೇಲಿನ ನ್ಯಾಯ. 21ನೇ ವಿಧಿಯ ಮುಂದೆ ಕಾರಣ ಕೊಡಬೇಕಾದವನು ರೋಗಿಯಲ್ಲ, ಸರ್ಕಾರ.

ಇನ್ನು ಪ್ರಾರ್ಥನೆ. ಇಡೀ ಕಾಯ್ದೆ ಹೊಡೆದುಹಾಕಿ ಎಂದು ಕೇಳುವುದು ದುಡುಕು, ಯಾವ ಪೀಠವೂ ಒಪ್ಪುವುದಿಲ್ಲ. 10ನೇ ಕಲಂ ಅಸಿಂಧು ಎಂದು ಘೋಷಿಸಲು ಕೇಳಬೇಕು. ಅದಾಗದಿದ್ದರೆ, ಈಗಾಗಲೇ ನೋಂದಾಯಿಸಿಕೊಂಡವರಿಗೂ ಅವರ ಜೊತೆಗಾರರಿಗೂ ಅದು ಅನ್ವಯಿಸುವುದಿಲ್ಲ, ಹೆಸರು ಹಿಡಿದು ಕಾರಣ ಬರೆದ ಆದೇಶವಿಲ್ಲದೆ ಆಸ್ಪತ್ರೆ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ, ಇದುವರೆಗೆ ಹೋದ ಮಾಹಿತಿಯನ್ನು ಅಳಿಸಬೇಕು ಎಂದು ಕಲಂ ಅನ್ನು ಕಿರಿದಾಗಿಸಿ ಓದಲು ಕೇಳಬೇಕು. ಇದಕ್ಕಿಂತ ಕಡಿಮೆಗೆ ಅರ್ಜಿದಾರರ ವಕೀಲರು ಒಪ್ಪಬಾರದು.